₹349ರ ಕ್ರೀಮ್ ಮತ್ತು ಒಂದು ದೂರು ಪತ್ರ

ಕ್ರೀಮ್ ಹಚ್ಚಿ ಮುಖದಲ್ಲಿ ಗುಳ್ಳೆ ಎದ್ರೆ ನಾವು ಮೊದಲು ಮಾಡುವ ಕೆಲಸ ಎಂತದ್ದು? ಕಂಪನಿಯ ಪೇಜಿಗೆ ಹೋಗಿ ಕಮೆಂಟಲ್ಲಿ ಬೈಯುವುದು. ಬೈದ್ರೆ ಹಣ ವಾಪಸ್ ಬರುವುದಿಲ್ಲ ಮಾರಾಯ್ರೆ. ಪತ್ರ ಬರೀಬೇಕು. ಅದಕ್ಕೆ ಬೇಕಾದ ಅರ್ಧ ವಿಷಯ ಆ ಟ್ಯೂಬಿನ ಮೇಲೆಯೇ ಉಂಟು.

ಹಾಗಾಗಿ ಟ್ಯೂಬ್ ಬಿಸಾಡಬೇಡಿ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಕೊನೆಯ ದಿನಾಂಕ ಅದರಲ್ಲಿ ಇರ್ಲೇಬೇಕು. ಬ್ಯಾಚ್ ನಂಬರ್ ಎಷ್ಟೋ ಸಲ ಟ್ಯೂಬಿನ ತುದಿಯ ಮಡಿಕೆಯಲ್ಲಿ ಒತ್ತಿರ್ತದೆ. ಅದು ಕಾಣುವ ಹಾಗೆ ಫೋಟೋ ತೆಗೀರಿ. ಕಂಪನಿ "ಟ್ಯೂಬ್ ಕಳಿಸಿ" ಅಂದ್ರೂ ಫೋಟೋ ತೆಗೆಯದೆ ಕೊಡ್ಬೇಡಿ.

ನನ್ನ ಚಿಕ್ಕಮ್ಮನಿಗೆ ನಾನು ಬರೆದುಕೊಟ್ಟ ಪತ್ರ ಹೀಗಿತ್ತು:

"3ನೇ ತಾರೀಕಿಗೆ ನಿಮ್ಮ ಆ್ಯಪ್‌ನಲ್ಲಿ ₹349 ಕೊಟ್ಟು ಈ ಕ್ರೀಮ್ ಖರೀದಿಸಿದೆ. ಬಿಲ್ ಮತ್ತು ಬ್ಯಾಚ್ ನಂಬರ್ ಕೆಳಗಿದೆ. 5ರಿಂದ ದಿನಕ್ಕೊಮ್ಮೆ ಹಚ್ಚಿದೆ. 7ರ ಸಂಜೆ ಕೆನ್ನೆಯಲ್ಲಿ ತುರಿಕೆ, ಕೆಂಪು ಗುಳ್ಳೆ ಬಂತು. ಅಂದೇ ನಿಲ್ಲಿಸಿದೆ. ಆ ವಾರ ಮುಖಕ್ಕೆ ಬೇರೆ ಹೊಸದೇನೂ ಹಚ್ಚಿಲ್ಲ. ಫೋಟೋ, ವೈದ್ಯರ ಚೀಟಿ ಲಗತ್ತಿಸಿದ್ದೇನೆ. ಕ್ರೀಮಿನ ₹349, ವೈದ್ಯರು ಮತ್ತು ಔಷಧಿಯ ₹410, ಒಟ್ಟು ₹759 ಅನ್ನು 15 ದಿನದೊಳಗೆ ಮರಳಿಸಬೇಕು."

ಇಷ್ಟೇ. ಇದರಲ್ಲಿ ಮುಖ್ಯ ಸಾಲು "ಬೇರೆ ಹೊಸದೇನೂ ಹಚ್ಚಿಲ್ಲ" ಅನ್ನುವುದು. ಯಾಕಂದ್ರೆ ಕಂಪನಿ ಮೊದಲು ಕೇಳುವುದೇ ಅದನ್ನು. ತಾರೀಕೂ ಅಷ್ಟೇ ಮುಖ್ಯ. ಅಲರ್ಜಿಯ ಗುಳ್ಳೆ ಹಚ್ಚಿದ ಕೂಡಲೇ ಏಳ್ಬೇಕು ಅಂತ ಇಲ್ಲ, ಒಂದೆರಡು ದಿನ ಬಿಟ್ಟೂ ಬರ್ತದೆ.

ಉತ್ತರ ಬಂತು: 20% ಕೂಪನ್! ಅದೇ ಕಂಪನಿಯ ಕ್ರೀಮಿಗೆ! ಚಿಕ್ಕಮ್ಮ "ಇನ್ನೊಂದು ಕೆನ್ನೆಗೆ ಹಚ್ಲಿಕ್ಕಾ?" ಅಂತ ಕೇಳಿದ್ರು.

ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮ ಉಂಟು. ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡ್ಬೇಕು. ಎರಡನೇ ಪತ್ರದಲ್ಲಿ ಅದನ್ನು ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆವು. ಆಮೇಲೆ ₹349 ವಾಪಸ್ ಕೊಡ್ತೇವೆ ಅಂದ್ರು. ಜೊತೆಗೆ ಒಂದು ಸಾಲು: "ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ, ಒಪ್ಪಿಗೆ ತಿಳಿಸಿ." ಇಲ್ಲಿ ನಿಧಾನ ಮಾಡಿ. ಒಪ್ಪಿದ್ರೆ ಉಳಿದ ₹410 ಕೇಳುವುದು ಕಷ್ಟ. ನಾವು "₹349 ಕ್ರೀಮಿನ ಬೆಲೆ ಅಂತ ಮಾತ್ರ ಪಡೀತೇವೆ, ಚಿಕಿತ್ಸೆಯ ಖರ್ಚು ಬಾಕಿ" ಅಂತ ಬರೆದೆವು. ₹349 ಬಂತು. ₹410 ಇನ್ನೂ ಇಲ್ಲ.

ಆ ₹410 ಸುಲಭ ಅಲ್ಲ. ಲೇಬಲ್ಲಿನಲ್ಲಿ ಹೇಳಿದ ಯಾವುದೋ ಒಂದು ವಸ್ತು ನಮ್ಮ ಚರ್ಮಕ್ಕೆ ಮಾತ್ರ ಆಗದಿದ್ರೆ, ಕ್ರೀಮಿನಲ್ಲೇ ದೋಷ ಅಂತ ಸಾಬೀತು ಮಾಡುವುದು ಕಷ್ಟ. ಬೇಕಿದ್ರೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ ಉಂಟು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಅರ್ಜಿ ಶುಲ್ಕ ಇಲ್ಲ, ಎರಡು ವರ್ಷ ಸಮಯ ಉಂಟು, ನೆಲ್ಯಾಡಿಯಲ್ಲೇ ಕೂತು ಆನ್‌ಲೈನಲ್ಲಿ ಹಾಕ್ಬಹುದು. ಹಾಕುವುದಾ ಬಿಡುವುದಾ ಅಂತ ಚಿಕ್ಕಮ್ಮ ಯೋಚಿಸ್ತಾ ಇದ್ದಾರೆ. ಟ್ಯೂಬ್ ಮಾತ್ರ ಕಪಾಟಲ್ಲಿ ಜೋಪಾನವಾಗಿ ಉಂಟು.

#ನೆಲ್ಯಾಡಿ #ಗ್ರಾಹಕಹಕ್ಕು #ಬಿಕಾಂಡೈರಿ