ಕರೆಯ ಹಣವನ್ನು ತೆರುವವರಾರು?

ಆಳಂದ, ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿ ತೊಗರಿ ಸೊರಗಿದಾಗ ಒಕ್ಕಲಿಗರು ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆಮಾಡಿ ಸಲಹೆ ಕೇಳಬಹುದು. “ರೊಕ್ಕ ಎಷ್ಟು ಹೋಗ್ತದ್ರಿ?” ಎಂದು ನೆರೆಮನೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಬಿಡಿಗಾಸೂ ಹೋಗದು. 1800ರಿಂದ ಮೊದಲಾಗುವ ಸಂಖ್ಯೆಗಳ ವೆಚ್ಚವನ್ನು ಕರೆಯನ್ನು ಸ್ವೀಕರಿಸುವವರೇ ಭರಿಸುತ್ತಾರೆ. ಇಲ್ಲಿ ಸರ್ಕಾರವು ಭರಿಸುತ್ತದೆ.

1860 ಎಂಬುದು ಇದರ ಸೋದರನಂತೆ ತೋರಿದರೂ ಅಲ್ಲಿ ಹಣ ತೆರುವವರು ನಾವೇ. ಹಲವು ‘ಅನ್‌ಲಿಮಿಟೆಡ್’ ಯೋಜನೆಗಳು ಈ ಸಂಖ್ಯೆಗಳನ್ನು ಒಳಗೊಳ್ಳುವುದಿಲ್ಲ. ನಿಮಿಷಕ್ಕೆ 1 ರೂಪಾಯಿಯೆಂದಿಟ್ಟುಕೊಳ್ಳೋಣ. ಆ ಕಡೆಯ ಯಂತ್ರವು ಕರೆಯನ್ನೆತ್ತಿದ ಮೇಲೆ ಸಂಗೀತ ಕೇಳುತ್ತ 8 ನಿಮಿಷ ಕಾದು, 2 ನಿಮಿಷ ಮಾತಾಡಿದರೆ 10 ರೂಪಾಯಿ ತೀರಿತು, ಕಾಯುವಿಕೆಗೂ ಬೆಲೆಯುಂಟು.

ಸಾಧಾರಣವಾದ ಹತ್ತಂಕಿಯ ಮೊಬೈಲಿಗೂ ಊರಿನ ದೂರವಾಣಿಗೂ ಕರೆದವರೇ ತೆರಬೇಕು. ಆದರೆ ಅದು ಸಾಮಾನ್ಯವಾಗಿ ಯೋಜನೆಯೊಳಗೇ ಅಡಗಿರುತ್ತದೆ. ಸ್ಪರ್ಧೆ, ಜ್ಯೋತಿಷ್ಯಗಳ ಹೆಚ್ಚುದರದ ಸಂಖ್ಯೆಗಳಲ್ಲಿಯಾದರೋ ನಾವು ಕೊಟ್ಟ ಹಣದ ಒಂದು ಪಾಲು ಆ ಸೇವೆ ನಡೆಸುವವರಿಗೆ ಸೇರುತ್ತದೆ. ಆದುದರಿಂದಲೇ ಮಾತನ್ನು ಎಳೆಯುವುದು ಅವರಿಗೆ ಲಾಭ.

ಸಂಶಯವಿದ್ದಲ್ಲಿ ಕರೆಗೆ ಮೊದಲೂ ಅನಂತರವೂ ಉಳಿದ ಹಣವನ್ನು ನೋಡಿರಿ. ಆ ವ್ಯತ್ಯಾಸವೇ ಉತ್ತರ ಹೇಳುವುದು.