ಬೆರಳಚ್ಚು ಉಳಿದಿದ್ದ ಬೊಂಬೆಗಳು

ನಮ್ಮ ಸಿಂಧನೂರಿನ ಓಣಿಗೆ ಕೇಬಲ್ ಬಂದ ಹೊಸದರಲ್ಲಿ ಮಕ್ಕಳ ಚಾನೆಲ್ಲುಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಿದ್ದವು. ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಕಲಿತದ್ದು 2009ರಲ್ಲಿ. ಅದಕ್ಕೂ ಮೊದಲು ನಮಗೆ ಪೂರ್ತಿ ಅರ್ಥವಾಗುತ್ತಿದ್ದ ಪಾತ್ರವೆಂದರೆ ಪಿಂಗು ಒಬ್ಬನೇ. ಹಿಮದ ಗುಡಿಸಲಲ್ಲಿರುವ ಪೆಂಗ್ವಿನ್ ಮರಿ. ಅಪ್ಪ ಅಂಚೆಯವನು, ತಂಗಿ ಪಿಂಗಾ, ಗೆಳೆಯ ರಾಬಿ ಎಂಬ ಸೀಲ್. ಅವರು ಆಡುತ್ತಿದ್ದದ್ದು ಯಾವ ದೇಶದ ಮಾತೂ ಅಲ್ಲ. ಇಟಲಿಯ ಕಲಾವಿದ ಕಾರ್ಲೊ ಬೊನೊಮಿ ಒಬ್ಬರೇ ಮನೆಮಂದಿಗೆಲ್ಲ ದನಿಯಾಗಿ, ಅರ್ಥವಿಲ್ಲದ ಉಲಿಗಳಲ್ಲೇ ಮುನಿಸು, ಬೈಗುಳ, ಮುದ್ದು ಎಲ್ಲವನ್ನೂ ತುಂಬಿದ್ದರು. ನಮ್ಮ ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ. ಪಿಂಗು ಏನಂತಾನೆ ಎಂದು ಕೇಳಿದರೆ, "ಅವರವ್ವ ಬೈಯಾಕತ್ಯಾಳಲ್ಲೋ, ಅಷ್ಟೂ ತಿಳಿವಲ್ದೇನು?" ಎಂದು ನಮಗೇ ತಿರುಗಿ ಕೇಳುತ್ತಿದ್ದಳು. ಮೂರು ತಲೆಮಾರು ಒಂದೇ ಚಾಪೆಯ ಮೇಲೆ ಕೂತು ಒಂದೇ ಕ್ಷಣಕ್ಕೆ ನಗುತ್ತಿದ್ದ ಆ ಐದು ನಿಮಿಷ ಈಗ ಯಾರ ಮನೆಯಲ್ಲಿದೆ? ಈಗ ಒಂದೇ ಕೋಣೆಯಲ್ಲಿ ನಾಲ್ಕು ಮೊಬೈಲುಗಳು ನಾಲ್ಕು ಬಗೆಯಾಗಿ ನಗುತ್ತಿರುತ್ತವೆ.

ಪಿಂಗು ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಓಟ್ಮರ್ ಗುಟ್ಮನ್ ಎಂಬವರ ಕೈಯಲ್ಲಿ, ಸರಣಿಯಾಗಿ ಟಿವಿಗೆ ಬಂದದ್ದು 1990ರಲ್ಲಿ. ಅವನ ಮೈ ಮಿದ್ದ ಮಣ್ಣಿನದು ಎಂಬುದು ನಮಗೆ ಯಾರೂ ಹೇಳದೆಯೇ ತಿಳಿದಿತ್ತು. ರಾಯಚೂರು ಸೀಮೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಮಸ್ಕಿಯ ಸೋದರಮಾವನ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ನಾವೇ ಹೊಲದಿಂದ ಎರೆಮಣ್ಣು ತಂದು, ಕಲ್ಲು ಆರಿಸಿ, ನೀರು ಚಿಮುಕಿಸಿ ನಾದಿ, ಜೋಡೆತ್ತು ಮಾಡಿ, ಅವುಗಳ ಮುಂದೆ ಗ್ವಾದಲಿ ಕಟ್ಟುತ್ತಿದ್ದೆವು. ಎತ್ತಿನ ಬೆನ್ನ ಮೇಲೆ ನಮ್ಮ ಹೆಬ್ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಅಂಥದೇ ಗುರುತು ಪಿಂಗುವಿನ ಹೊಟ್ಟೆಯ ಮೇಲೂ ಒಮ್ಮೊಮ್ಮೆ ಕಾಣುತ್ತಿತ್ತು. ಅವನು ಸುಮ್ಮನೆ ನಿಂತಾಗಲೂ ಅವನ ಮೈ ಸಣ್ಣಗೆ ಮಿಡಿಯುತ್ತಿತ್ತಲ್ಲ, ಅದಕ್ಕೂ ಕಾರಣ ಪ್ರತಿ ಚಿತ್ರದ ನಡುವೆ ಯಾರೋ ಅವನನ್ನು ಮುಟ್ಟಿದ್ದು.

ನಮ್ಮ ಎರೆಮಣ್ಣಿನಿಂದ ಮಾತ್ರ ಪಿಂಗುವನ್ನು ಮಾಡಲಾಗುತ್ತಿರಲಿಲ್ಲ. ಸಂಜೆಯೊಳಗೆ ಎತ್ತಿನ ಕಾಲು ಬಿರಿಯುತ್ತಿದ್ದುದನ್ನು ನಾವೇ ಕಂಡಿದ್ದೇವೆ. ನೀರು ಆರಿದಂತೆ ಮಣ್ಣು ಕುಗ್ಗುತ್ತದೆ, ಸ್ಟುಡಿಯೋದ ಬಿಸಿ ದೀಪದ ಕೆಳಗೆ ಇನ್ನೂ ಬೇಗ. ಅದಕ್ಕೇ ಅವರು ಎಣ್ಣೆ, ಮೇಣ ಬೆರೆಸಿದ, ಎಂದೂ ಒಣಗದ ಪ್ಲಾಸ್ಟಿಸಿನ್ ಬಳಸುತ್ತಾರೆ. ಅದರ ಕಷ್ಟ ಬೇರೆ. ದೀಪದ ಕಾವಿಗೆ ಮೆತ್ತಗಾಗಿ ಬೊಂಬೆ ಕುಸಿಯುತ್ತದೆ, ಕರಿ ಬೆನ್ನು ಹಿಡಿದ ಬೆರಳು ಬಿಳಿ ಹೊಟ್ಟೆಗೆ ತಾಕಿದರೆ ಹೊಟ್ಟೆ ಮಾಸುತ್ತದೆ. ಹೀಗಾಗಿ ಬಣ್ಣ ಬದಲಾದಾಗಲೆಲ್ಲ ಕೈ ಒರೆಸಿಕೊಳ್ಳಬೇಕು.

ಪಿಂಗು ಒಂದು ಹೆಜ್ಜೆ ಇಡುವುದನ್ನೇ ನೋಡಿ. ಟಿವಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಭಂಗಿಯನ್ನು ಎರಡೆರಡು ಸಲ ತೆಗೆಯುತ್ತಾರೆ. ಅಂದರೆ ಸೆಕೆಂಡಿಗೆ ಸುಮಾರು 12 ಭಂಗಿ, ಅರ್ಧ ಸೆಕೆಂಡಿನ ಒಂದು ಹೆಜ್ಜೆಗೆ ಆರು. ಮೊದಲು ಮೈಭಾರವನ್ನು ಬಲಗಾಲಿಗೆ ತುಸು ವಾಲಿಸಿ, ಕೈ ಹಿಂದಕ್ಕೆ ತೆಗೆದು ಒಂದು ಚಿತ್ರ. ಮತ್ತೆ ಎಡಪಾದ ಕೂದಲೆಳೆಯಷ್ಟು ಎತ್ತಿ ಇನ್ನೊಂದು. ನಡುವಿನ ಭಂಗಿಗಳಲ್ಲಿ ಪಾದ ಹೆಚ್ಚು ಸರಿಯಬೇಕು, ಶುರುವಿನಲ್ಲೂ ಕೊನೆಯಲ್ಲೂ ಕಡಿಮೆ. ಆರೂ ಸಲ ಒಂದೇ ಅಳತೆಯಲ್ಲಿ ಸರಿಸಿದರೆ, ಯಾರೋ ದಾರ ಕಟ್ಟಿ ಎಳೆದ ಹಾಗೆ ಕಾಣುತ್ತದೆ, ನಡೆದ ಹಾಗಲ್ಲ. ಐದು ನಿಮಿಷದ ಕಂತಿಗೆ ಹೀಗೆ 3,600 ಭಂಗಿ.

ಆಗಿನ್ನೂ ರೀಲಿನ ಕಾಲ. ರೀಲು ತೊಳೆದು ಬರುವ ತನಕ ತಾನು ಮಾಡಿದ್ದು ನಡಿಗೆಯೋ ನಡುಕವೋ ಎಂದು ಮಾಡಿದವನಿಗೇ ಗೊತ್ತಾಗುತ್ತಿರಲಿಲ್ಲ. ಬೊಂಬೆಯ ಮೂಗಿನ ತುದಿಗೆ ಒಂದು ಸೂಜಿಯ ಮೊನೆ ಹಿಡಿದು ನಿಲ್ಲಿಸಿ, ಅಲ್ಲಿಂದ ಎಷ್ಟು ಸರಿಯಿತು ಎಂದು ಅಳೆಯುತ್ತಿದ್ದರು. ಚಿತ್ರ ತೆಗೆಯುವ ಮುನ್ನ ಸೂಜಿ ತೆಗೆಯುವುದನ್ನು ಮರೆತರೆ ಅದೂ ಪರದೆಯ ಮೇಲೆ ಮಿಂಚಿ ಹೋಗುತ್ತಿತ್ತು. ಮೇಜಿಗೆ ಮೊಣಕೈ ತಾಗಿದರೆ ಇಡೀ ಊರೇ ಜಿಗಿಯುತ್ತಿತ್ತು, ಕರೆಂಟು ಏರಿಳಿದರೆ ಬೆಳಕು ಮಿಣಮಿಣ ಎನ್ನುತ್ತಿತ್ತು. ತಪ್ಪಾದ ಒಂದು ಭಂಗಿಗೆ ತೇಪೆ ಇಲ್ಲ, ಆ ನಡಿಗೆಯನ್ನು ಮೊದಲಿನಿಂದ ನಡೆಸಬೇಕು.

ಇಂಥ ಕತೆಗಳ ಪಾತ್ರಗಳೆಲ್ಲ ಯಾಕೆ ಒಂದೇ ಕುಲದವರಂತೆ ಕುಳ್ಳಗೆ, ದಪ್ಪಗೆ, ಅಗಲ ಪಾದದವರಾಗಿದ್ದರು ಎಂಬುದು ನನಗೆ ಹೊಳೆದದ್ದು ದೊಡ್ಡವನಾದ ಮೇಲೆ. ಬೊಂಬೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ದಿನವಿಡೀ. ಕಡ್ಡಿಕಾಲಿನ ಚೆಲುವೆ ಅಲ್ಲಿ ಮಧ್ಯಾಹ್ನದೊಳಗೆ ಬಿದ್ದುಹೋಗುತ್ತಾಳೆ. ತುಟಿ ಅಲ್ಲಾಡಿಸುವುದು ಬಹಳ ಕೆಲಸ, ಹಾಗಾಗಿ ಇಂಥವರಲ್ಲಿ ಎಷ್ಟೋ ಮಂದಿ ಮೂಗರು, ಇಲ್ಲವೇ ಉಲಿಯುವವರು. ಇಂಗ್ಲೆಂಡಿನ ಆರ್ಡ್‌ಮನ್ ಸ್ಟುಡಿಯೋದ ಗ್ರೋಮಿಟ್ ಎಂಬ ನಾಯಿಗೆ ಬಾಯೇ ಇಲ್ಲ. ಹುಬ್ಬು ತುಸು ಕೆಳಗೆ ಒತ್ತಿದರೆ ಬೇಸರ, ಒಂದು ಕಡೆ ಎತ್ತಿದರೆ ಅನುಮಾನ, ಅಷ್ಟು ಸಾಕು ಎಂದು ಅದನ್ನು ಮಾಡಿದ ನಿಕ್ ಪಾರ್ಕ್ ಕಂಡುಕೊಂಡರು. ಅದೇ ಸ್ಟುಡಿಯೋದಿಂದ 2007ರಲ್ಲಿ ಸರಣಿಯಾಗಿ ಬಂದ ಶಾನ್ ಎಂಬ ಕುರಿಯೂ ಒಂದು ಮಾತೂ ಆಡುವುದಿಲ್ಲ. ಲಿಂಗಸುಗೂರಿನ ಕಡೆ ಕುರಿಹಿಂಡು ನೋಡಿ ಬೆಳೆದವರಿಗೆ ಆ ಕುರಿಗಳ ಗುಂಪುಬುದ್ಧಿ, ಅವುಗಳ ನಡುವಿನ ಒಬ್ಬ ತುಂಟ, ಹಿಂಡು ಕಾಯುವ ನಾಯಿಯ ಪಾಡು, ಯಾವುದೂ ಪರದೇಶದ್ದು ಅನ್ನಿಸಲಿಲ್ಲ.

ಈಗ ಇಂಥವರಲ್ಲಿ ಹಲವರು ಒಬ್ಬೊಬ್ಬರಾಗಿ ಕಂಪ್ಯೂಟರಿನೊಳಗೆ ಸೇರಿಹೋಗಿದ್ದಾರೆ. ಒಂದು ಕಾಲದಲ್ಲಿ ಬೊಂಬೆಯಾಗಿದ್ದ ಬಾಬ್ ದ ಬಿಲ್ಡರ್ 2015ರಲ್ಲಿ ಹೊಸ ಮುಖ ತೊಟ್ಟು ಬಂದಾಗ ಅವನು ಬೊಂಬೆಯೇ ಆಗಿರಲಿಲ್ಲ. 2017ರಲ್ಲಿ ಜಪಾನಿನಲ್ಲಿ ತಯಾರಾದ ಪಿಂಗು ನುಣ್ಣಗಿದ್ದಾನೆ, ಹೊಳೆಯುತ್ತಾನೆ, ಎಲ್ಲೂ ಬೆರಳಚ್ಚಿಲ್ಲ. ಕಂತುಗಳು ಬೇಗ ಬೇಗ ತಯಾರಾಗುತ್ತವೆ, ತಪ್ಪಿದ ಹೆಜ್ಜೆಯನ್ನು ಕೂತಲ್ಲೇ ತಿದ್ದಬಹುದು. ಇದನ್ನು ದೂರುವುದು ಹೇಗೆ? ಆ ಬಿಸಿ ದೀಪದ ಕೆಳಗೆ ಬೆನ್ನು ಬಗ್ಗಿಸಿ ನಿಂತವರ ಸೊಂಟನೋವನ್ನು ನಾವ್ಯಾರೂ ಅನುಭವಿಸಿಲ್ಲ. ಆದರೂ ಹೊಸ ಪಿಂಗು ಬಿದ್ದಾಗ ನನಗೆ ಅಯ್ಯೋ ಅನ್ನಿಸುವುದಿಲ್ಲ. ಹಳೆಯವನಿಗೆ ತೂಕವಿತ್ತು, ಬಿದ್ದರೆ ಮೈ ಚಪ್ಪಟೆಯಾಗುತ್ತಿತ್ತು. ಆರ್ಡ್‌ಮನ್‌ನವರು ನೆಚ್ಚಿಕೊಂಡಿದ್ದ ಮಣ್ಣು ಮಾಡುತ್ತಿದ್ದ ನ್ಯೂಪ್ಲಾಸ್ಟ್ ಕಾರ್ಖಾನೆಯೂ 2023ರಲ್ಲಿ ಬಾಗಿಲು ಹಾಕಿತು. ಉಳಿದ ದಾಸ್ತಾನನ್ನು ಅವರೇ ಕೊಂಡು ಇಟ್ಟುಕೊಂಡರು ಎಂಬ ಸುದ್ದಿ ಓದಿದಾಗ ನಮ್ಮ ಓಣಿಯವರೇ ಯಾರೋ ಮನೆ ಖಾಲಿ ಮಾಡಿದಷ್ಟು ಕಸಿವಿಸಿಯಾಯಿತು.

ಇಲ್ಲೂ ಹಾಗೇ ಆಗಿದೆ. ಅಮಾವಾಸ್ಯೆಯ ಮುಂಚೆ ಸಿಂಧನೂರಿನ ಬಜಾರಿನಲ್ಲಿ ಬಣ್ಣ ಬಳಿದ ಅಚ್ಚಿನ ಎತ್ತುಗಳು ಜೋಡಿಗಿಷ್ಟು ಎಂದು ಸಿಗುತ್ತವೆ. ಕೈ ಕೆಸರಾಗಬಾರದೆಂದು ತಾಯಂದಿರು ಅವನ್ನೇ ತರುತ್ತಾರೆ. ಎಲ್ಲ ಎತ್ತುಗಳದೂ ಒಂದೇ ಮುಖ. ಅದೇ ಮನೆಯ ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೆಗೆದು ಜೋಡಿಸುವ ಆ್ಯಪ್ ಬಿಟ್ಟಿಯಾಗಿ ಸಿಗುತ್ತದೆ, ಹಿಂದಿನ ಭಂಗಿಯನ್ನು ಮಸುಕಾಗಿ ತೋರಿಸಿ ಸೂಜಿಯ ಕೆಲಸವನ್ನೂ ಅದೇ ಮಾಡುತ್ತದೆ. ಮೊಬೈಲನ್ನು ಅಲ್ಲಾಡದಂತೆ ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿ, ಕಿಟಕಿಯ ಬಿಸಿಲು ಬದಲಾಗದಂತೆ ಪರದೆ ಎಳೆದು ಒಂದು ಬಲ್ಬು ಹಚ್ಚಿ, ಒಣಗಿ ಬಿರಿಯುವ ಎರೆಮಣ್ಣಿನ ಬದಲು ಶಾಲೆಯ ಅಂಗಡಿಯ ಕ್ಲೇ ಪೊಟ್ಟಣ ತಂದರೆ, ಎತ್ತು ಹತ್ತು ಸೆಕೆಂಡಿನಲ್ಲಿ ಗ್ವಾದಲಿಗೆ ನಡೆದು ಬರಲು ಬೇಕಾದದ್ದು 120 ಸಲ ಮುಟ್ಟುವಷ್ಟು ಬಿಡುವು.