ಅಲಂಕಾರ ಸಮಿತಿಯಲ್ಲಿ ಐದನೇ ಸಾಲು

ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ನೋಟೀಸು ಅಂಟಿಸಿದ್ದಾರೆ. ಗಣೇಶ ಹಬ್ಬದ ಅಲಂಕಾರ ಸಮಿತಿಗೆ ನಿವಾಸಿಗಳೆಲ್ಲರಿಗೂ ಸ್ವಾಗತವಂತೆ. ಬಾಳೆಕಂದು-ತೋರಣ, ಹೂವು, ರಂಗೋಲಿ, ಸೀರಿಯಲ್ ಲೈಟು. ನಾಲ್ಕೂ ಕೆಲಸದ ಮುಂದೆ ಹೆಸರು ಬರೆಯೋಕೆ ಖಾಲಿ ಜಾಗ. ಐದನೇ ಸಾಲಲ್ಲಿ ಮಾತ್ರ ಜಾಗ ಇಲ್ಲ: "ಸ್ವಚ್ಛತೆ - ಹೌಸ್‌ಕೀಪಿಂಗ್".

ಹೋದ ವರ್ಷ ಹಬ್ಬದ ಮಾರನೇ ದಿನ ಬೇಸ್‌ಮೆಂಟಿಗೆ ಹೋಗಿದ್ದೆ. ಇಬ್ಬರು ಹೆಣ್ಣುಮಕ್ಕಳು ಬಾಡಿದ ಚೆಂಡುಹೂವಿನ ರಾಶಿ ಮುಂದೆ ಕೂತಿದ್ದರು. ಹಾರ ಕಟ್ಟಿದ್ದು ಪ್ಲಾಸ್ಟಿಕ್ ದಾರದಲ್ಲಿ, ಮಾವಿನೆಲೆ ಸೇರಿಸಿದ್ದು ಸ್ಟೇಪ್ಲರ್ ಪಿನ್ನಲ್ಲಿ. ಹಸಿ ಕಸದ ಜೊತೆ ಅವು ಹೋದರೆ ಕಸದ ಗಾಡಿಯವರು ತಗೊಳ್ಳಲ್ಲ. ಹಾಗಾಗಿ ಒಂದೊಂದೇ ಬಿಡಿಸಬೇಕು. ಗ್ಲೌಸ್ ಇರಲಿಲ್ಲ. ಒಬ್ಬಾಕೆಯ ಬೆರಳಲ್ಲಿ ಪಿನ್ ಚುಚ್ಚಿ ರಕ್ತ ಬಂದಿತ್ತು.

ನನ್ನವ್ವನೂ ಇಂಥದೇ ಕೆಲಸ ಮಾಡಿದವಳು. ಕಟ್ಟೋ ಕೈಗೆ ಹೆಸರು, ಬಿಡಿಸೋ ಕೈಗೆ ಹೆಸರಿಲ್ಲ. ಜಾತಿ ಅನ್ನೋ ಪದ ಬರೀದೇನೇ ನೋಟೀಸು ಅದರ ಕೆಲಸ ಮಾಡಿತ್ತು.

ಐದನೇ ಸಾಲಿನ ಮುಂದೆ ನನ್ನ ಹೆಸರು, ಫ್ಲ್ಯಾಟ್ ನಂಬರು ಬರೆದೆ. ಕೆಳಗೆ ಇಷ್ಟು ಸೇರಿಸಿದೆ: ಹತ್ತಿ ನೂಲು ಬಳಸಿ, ಪಿನ್ ಬೇಡ, ಥರ್ಮೋಕೋಲ್ ಬೇಡ. ಗ್ಲೌಸ್ ಕೊಡಿಸಿ. ಹಬ್ಬದ ದಿನ ದುಡಿದವರಿಗೆ ಎರಡು ಪಟ್ಟು ಕೂಲಿ ಕೊಡಿ. ಸಮಿತಿ ಸಭೆಗೆ ಅವರನ್ನೂ ಕರೀರಿ.

ಸಂಜೆ ಸೆಕ್ರೆಟರಿ ಫೋನ್ ಮಾಡಿದರು. "ಸರ್, ಅದೆಲ್ಲಾ ಏಜೆನ್ಸಿಯವರು ನೋಡ್ಕೋತಾರೆ. ನೀವು ಲೈಟಿಂಗ್‌ಗೆ ಬನ್ನಿ."

"ಬೆಳಕು ಬೇಕಾಗಿರೋದು ಬೇಸ್‌ಮೆಂಟಿಗೆ ಸರ್" ಅಂದೆ.

ಭಾನುವಾರ ಸಭೆ. ಆ ಇಬ್ಬರಿಗೂ ಹೇಳಿದ್ದೀನಿ.